ಒಂದೇ ಸೈಟಿನ ದುಡ್ಡು, ಎರಡು ಖಾತೆ

2019ರ ಮಾರ್ಚ್‌ನಲ್ಲಿ ನಾನೂ ನನ್ನ ಗೆಳೆಯನೂ ಶಿವಮೊಗ್ಗದ ಹೊರಗೆ ಜಂಟಿಯಾಗಿ ಕೊಂಡಿದ್ದ ಸೈಟನ್ನು ಮಾರಿದೆವು. ಸಾಲ ತೀರಿಸಿ, ದಲ್ಲಾಳಿಯ ಕೈಬಿಸಿ ಮಾಡಿದ ಮೇಲೆ ಉಳಿದದ್ದು ತಲಾ ಎರಡು ಲಕ್ಷ. ಅವನು ಹೈಸ್ಕೂಲು ಮೇಷ್ಟ್ರು, ನನ್ನದು ಜೆರಾಕ್ಸ್ ಅಂಗಡಿ. ಇಬ್ಬರೂ ದುಡ್ಡನ್ನು ಷೇರಿನ ಕಡೆಗೇ ತಿರುಗಿಸಿದೆವು.

ಅವನು ಐವತ್ತು ದೊಡ್ಡ ಕಂಪನಿಗಳ ಷೇರುಗಳ ಏರಿಳಿತ ತೋರಿಸುವ ನಿಫ್ಟಿ 50 ಸೂಚ್ಯಂಕವನ್ನು ಅನುಸರಿಸುವ ಇಂಡೆಕ್ಸ್ ಫಂಡ್ ಒಂದರಲ್ಲಿ, ಏಜೆಂಟರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲ್ಯಾನ್ ಆರಿಸಿಕೊಂಡು, ಏಪ್ರಿಲ್ ಮೊದಲ ವಾರ ಎರಡು ಲಕ್ಷವನ್ನೂ ಒಂದೇ ಸಲಕ್ಕೆ ಹಾಕಿದ. ನಿಫ್ಟಿ ಆಗ 11,600ರ ಆಸುಪಾಸಿನಲ್ಲಿತ್ತು. ಮಗಳು ಪಿಯುಸಿ ಮುಗಿಸುವುದು 2024ರಲ್ಲಿ, ಅಲ್ಲಿಯವರೆಗೆ ಈ ದುಡ್ಡಿನ ಅಗತ್ಯವಿಲ್ಲ ಎಂದ. ಅವನ ಐದು ವರ್ಷದ ಕಥೆ ಹೆಚ್ಚುಕಡಿಮೆ ಇಷ್ಟೇ. ಹಾಗಾಗಿ ಇಲ್ಲಿ ಬರೆಯಲು ಹೊರಟಿರುವುದು ನನ್ನ ಕಥೆಯನ್ನು.

ನನಗೆ ಕೊಂಡ ಷೇರುಗಳನ್ನು ಇಡುವ ಡಿಮ್ಯಾಟ್ ಖಾತೆ ತೆರೆದುಕೊಟ್ಟವರು ನನ್ನ ಉಳಿತಾಯ ಖಾತೆಯಿದ್ದ ಬ್ಯಾಂಕಿನವರೇ. ಕೊಳ್ಳುವಾಗಲೂ ಮಾರುವಾಗಲೂ ನೂರು ರೂಪಾಯಿಗೆ ಐವತ್ತು ಪೈಸೆ ಬ್ರೋಕರೇಜ್ ಎಂದರು. ಐವತ್ತು ಪೈಸೆಗೆ ಈಗ ಪೆಪ್ಪರಮಿಂಟೂ ಬರುವುದಿಲ್ಲ ಎಂದುಕೊಂಡು ಸಹಿ ಹಾಕಿದೆ. ಮೊದಲ ವರ್ಷ ನಾನು ಕೊಂಡದ್ದು ಒಟ್ಟು 12 ಲಕ್ಷದಷ್ಟು, ಮಾರಿದ್ದೂ ಹೆಚ್ಚುಕಡಿಮೆ ಅಷ್ಟೇ. ಅದೇ ಎರಡು ಲಕ್ಷ ಆರು ಸಲ ತಿರುಗಿತ್ತು. ಆ ಪೆಪ್ಪರಮಿಂಟಿನ ಬಾಬ್ತು, ಜಿಎಸ್‌ಟಿ ಸೇರಿ 14,000 ರೂಪಾಯಿ ದಾಟಿತು. ವಿಚಿತ್ರವೆಂದರೆ ಆ ಮೊತ್ತವನ್ನು ಒಂದು ದಿನವೂ ಒಟ್ಟಾಗಿ ಕಂಡಿರಲಿಲ್ಲ. ಪ್ರತಿ ದಿನದ ವಹಿವಾಟು, ಖರ್ಚಿನ ವಿವರವಿರುವ ಕಾಂಟ್ರ್ಯಾಕ್ಟ್ ನೋಟ್ ಇಮೇಲಿಗೆ ಬರುತ್ತಿತ್ತು, ನಾನು ತೆರೆಯುತ್ತಿರಲಿಲ್ಲ.

2020ರ ಮಾರ್ಚ್ 23, ಸೋಮವಾರ. ಅಂಗಡಿಯ ಶಟರ್ ಅರ್ಧ ಎಳೆದು ಒಳಗೆ ಕೂತಿದ್ದೆ. ಮಾರುಕಟ್ಟೆ ತೆರೆದು ಸ್ವಲ್ಪ ಹೊತ್ತಿಗೇ ಶೇ 10ರಷ್ಟು ಕುಸಿದು ವಹಿವಾಟು 45 ನಿಮಿಷ ನಿಂತಿತು. ಆ 45 ನಿಮಿಷ ಕೈಯಲ್ಲಿ ಮೊಬೈಲ್ ಹಿಡಿದೇ ಇದ್ದೆ, ಪರದೆಯ ಮೇಲೆ ಒಂದು ಅಂಕಿಯೂ ಅಲುಗುತ್ತಿರಲಿಲ್ಲ. ಮತ್ತೆ ಶುರುವಾದಾಗ ಇದ್ದಬದ್ದದ್ದನ್ನೆಲ್ಲ ಮಾರಿದೆ. ನಿಫ್ಟಿ ಅಂದು 7,610ಕ್ಕೆ ಮುಗಿಯಿತು. ನನ್ನ ಖಾತೆಯಲ್ಲಿ ಉಳಿದದ್ದು 1,34,000. ಗೆಳೆಯನ ಫಂಡ್ ಕೂಡ 1,30,000ಕ್ಕೆ ಇಳಿದಿತ್ತು. ಅಂದರೆ ಆ ಸಂಜೆ ನಾನೇ ನಾಲ್ಕು ಸಾವಿರ ಮುಂದಿದ್ದೆ!

ರಾತ್ರಿ ಅವನೇ ಫೋನ್ ಮಾಡಿದ. ಧ್ವನಿ ನಡುಗುತ್ತಿತ್ತು.

"ಏನಯ್ಯಾ, ನಾನೂ ತೆಗೆದುಬಿಡಲೇ?"

"ತೆಗೆದುಬಿಡು. 7,000ಕ್ಕೆ ಬಂದಾಗ ಇಬ್ಬರೂ ಸೇರಿ ಕೊಳ್ಳೋಣ" ಎಂದೆ.

ಅವನು ತೆಗೆಯಲಿಲ್ಲ. ಧೈರ್ಯದಿಂದಲ್ಲ. ಸಂಬಳ ಬರುತ್ತಲೇ ಇತ್ತು, ಅಂಚೆ ಕಚೇರಿಯ ಆರ್‌ಡಿಯಲ್ಲಿ ಆರು ತಿಂಗಳ ಖರ್ಚಿಗಾಗುವಷ್ಟು ಇತ್ತು, ಹಾಗಾಗಿ ತೆಗೆಯಲೇಬೇಕಾದ ಒತ್ತಡ ಅವನಿಗಿರಲಿಲ್ಲ. ನನ್ನ ಅಂಗಡಿ ಮರುದಿನದಿಂದಲೇ ಬಂದ್. ತಾಳ್ಮೆ ಎಂದು ಹೊರಗಿನವರು ಕರೆಯುವುದರಲ್ಲಿ ಅರ್ಧದಷ್ಟು ಆ ಆರ್‌ಡಿಯೇ ಇತ್ತು ಎಂದು ಈಗ ನನಗನ್ನಿಸುತ್ತದೆ.

7,000 ಬರಲೇ ಇಲ್ಲ. ಏಪ್ರಿಲ್‌ನಲ್ಲಿ ನಿಫ್ಟಿ 9,000 ದಾಟಿದಾಗ ಇದು ಸುಳ್ಳು ಏರಿಕೆ ಎಂದೆ. ಜೂನ್ ಮೊದಲ ವಾರ 10,000 ದಾಟಿದಾಗ ತಡೆಯಲಾಗದೆ ಮತ್ತೆ ಒಳಗೆ ಹೋದೆ. ನಾನು ಹೊರಗೆ ಕೂತಿದ್ದ ಆ ಎರಡೂವರೆ ತಿಂಗಳಲ್ಲಿ ಸೂಚ್ಯಂಕ ಮೂವತ್ತು ಪ್ರತಿಶತಕ್ಕೂ ಹೆಚ್ಚು ಏರಿತ್ತು. ಗೆಳೆಯನಿಗೆ ಅದು ಏನೂ ಮಾಡದೆ ಸಿಕ್ಕಿತು. ನವೆಂಬರ್ ಹೊತ್ತಿಗೆ ನಿಫ್ಟಿ ಕೋವಿಡ್‌ಗೆ ಮೊದಲಿನ ಎತ್ತರವನ್ನೇ ಮೀರಿತು.

ಅಷ್ಟರಲ್ಲಿ ನಾನು ಡೆಲಿವರಿಗೆ, ಅಂದರೆ ಕೊಂಡ ದಿನವೇ ಮಾರದೆ ಖಾತೆಗೆ ತೆಗೆದುಕೊಳ್ಳುವ ಷೇರಿಗೆ, ಬ್ರೋಕರೇಜ್ ಇಲ್ಲದ ಇನ್ನೊಂದು ಕಡೆ ಖಾತೆ ತೆರೆದಿದ್ದೆ. ಇನ್ನೇನು ಖರ್ಚು ಎಂದುಕೊಂಡು ವೇಗ ಹೆಚ್ಚಿಸಿದೆ. ಎರಡನೆಯ ವರ್ಷ ಕೊಂಡದ್ದು 31 ಲಕ್ಷ. ಆ ಕಾಲದ ಒಂದು ವ್ಯವಹಾರವನ್ನು ಬಿಡಿಸಿ ತೋರಿಸುತ್ತೇನೆ. 50,000ಕ್ಕೆ ಕೊಂಡ ಷೇರನ್ನು ಒಂದು ವಾರಕ್ಕೆ 51,000ಕ್ಕೆ ಮಾರಿದೆ. ಸಾವಿರ ರೂಪಾಯಿ ಲಾಭ ಎಂದು ಮನೆಗೆ ಹೋಳಿಗೆ ಕಟ್ಟಿಸಿಕೊಂಡು ಹೋದೆ. ಆದರೆ ಷೇರು ವಹಿವಾಟು ತೆರಿಗೆ, ಅಂದರೆ ಎಸ್‌ಟಿಟಿ, ಕೊಳ್ಳುವಾಗ ಶೇ 0.1, ಮಾರುವಾಗ ಶೇ 0.1, ಎರಡೂ ಸೇರಿ 101 ರೂಪಾಯಿ. ಮುದ್ರಾಂಕ ಶುಲ್ಕ 8. ಷೇರು ವಿನಿಮಯ ಕೇಂದ್ರದ ಶುಲ್ಕ ಮತ್ತು ಅದರ ಮೇಲಿನ ಜಿಎಸ್‌ಟಿ 4. ಡಿಮ್ಯಾಟ್ ಖಾತೆಯಿಂದ ಷೇರು ಹೊರಗೆ ಹೋದಾಗಲೆಲ್ಲ ಹಿಡಿಯುವ ಡಿಪಿ ಶುಲ್ಕ 16. ಒಟ್ಟು 129 ಹೋಯಿತು. ವರ್ಷದೊಳಗೆ ಮಾರಿದ್ದರಿಂದ ಅಲ್ಪಾವಧಿ ಗಳಿಕೆ ತೆರಿಗೆ ಆಗ ಶೇ 15, ಸೆಸ್ ಸೇರಿ ಸುಮಾರು 152. ಕೈಗೆ ಉಳಿದದ್ದು 719. ತೆರಿಗೆ ಲೆಕ್ಕದಲ್ಲಿ ಎಸ್‌ಟಿಟಿಯನ್ನು ಖರ್ಚೆಂದು ಕಳೆಯಲು ಬರುವುದಿಲ್ಲ ಎಂಬುದು ನನಗೆ ಆಡಿಟರ್ ಹೇಳಿದ ಮೇಲೆಯೇ ತಿಳಿದದ್ದು. ಷೇರಿನಲ್ಲಿ ಸಾವಿರ ರೂಪಾಯಿ ನಷ್ಟವಾಗಿದ್ದರೂ ಹೆಚ್ಚುಕಡಿಮೆ ಅಷ್ಟೇ ಶುಲ್ಕ ಬಿಡುವುದಿಲ್ಲ. ನಷ್ಟವನ್ನು ಮುಂದಿನ ಎಂಟು ವರ್ಷಗಳಿಗೆ ಒಯ್ಯಬಹುದು ನಿಜ, ಆದರೆ ರಿಟರ್ನ್ ಅನ್ನು ಗಡುವಿನೊಳಗೆ ಸಲ್ಲಿಸಿದ್ದರೆ ಮಾತ್ರ.

2024ರ ಏಪ್ರಿಲ್‌ನಲ್ಲಿ, ಗೆಳೆಯನ ಲೆಕ್ಕ ನೋಡಿದ ಮೇಲೆ, ನನ್ನ ಐದೂ ವರ್ಷದ ಟ್ಯಾಕ್ಸ್ ವರದಿಗಳನ್ನು ಎರಡೂ ಖಾತೆಯಿಂದ ಇಳಿಸಿಕೊಂಡು ಅಂಗಡಿಯಲ್ಲೇ ಪ್ರಿಂಟ್ ತೆಗೆದೆ. ಒಟ್ಟು 260 ವ್ಯವಹಾರ. ಅವುಗಳಲ್ಲಿ 169 ಲಾಭದವು, 91 ನಷ್ಟದವು. ಇದನ್ನು ಓದಿದಾಗ ನನಗೇ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಲಾಭದ ಸರಾಸರಿ 1,600, ನಷ್ಟದ ಸರಾಸರಿ 1,830. ಎರಡು ಮೂರು ಪ್ರತಿಶತ ಏರಿದ ಷೇರನ್ನು ಮಾರಿಬಿಡುತ್ತಿದ್ದೆ, ಇಳಿದದ್ದನ್ನು ಕೊಂಡ ಬೆಲೆಗೆ ಬರಲಿ ಎಂದು ಕಾಯುತ್ತಿದ್ದೆ. ನನ್ನಲ್ಲೂ ತಾಳ್ಮೆ ಇತ್ತು, ಕೆಟ್ಟ ಷೇರುಗಳಿಗೆ ಮಾತ್ರ ಮೀಸಲಾಗಿತ್ತು.

ಕೂಡಿ ಕಳೆದರೆ ಒಟ್ಟು ಗಳಿಕೆ 1,04,000. ಶುಲ್ಕಗಳಿಗೆ ಹೋದದ್ದು 42,000, ತೆರಿಗೆಗೆ 12,000. ಉಳಿದದ್ದು 50,000. ಎರಡು ಲಕ್ಷ ಎರಡೂವರೆ ಲಕ್ಷವಾಗಿತ್ತು. ಶೇ 7ರಂತೆ ಠೇವಣಿ ಇಟ್ಟಿದ್ದರೆ ಎರಡು ಲಕ್ಷ ಎಂಬತ್ತು ಸಾವಿರ ಆಗುತ್ತಿತ್ತು. ಗಿರಾಕಿ ನಿಂತಿರುವಾಗ ಮೊಬೈಲ್ ನೋಡುತ್ತ ಆಧಾರ್ ಕಾರ್ಡನ್ನು ತಲೆಕೆಳಗಾಗಿ ಜೆರಾಕ್ಸ್ ಮಾಡಿ ಬೈಸಿಕೊಂಡದ್ದು ಬೇರೆ.

ಗೆಳೆಯನದು ನಾಲ್ಕು ಲಕ್ಷದ ಹತ್ತಿರ ನಿಂತಿತ್ತು. ಮೇಷ್ಟ್ರು ಅಲ್ಲೊಂದು ಬುದ್ಧಿವಂತಿಕೆ ತೋರಿಸಿದ. ದೀರ್ಘಾವಧಿ ಗಳಿಕೆಗೆ ಆಗ ವರ್ಷಕ್ಕೆ ಒಂದು ಲಕ್ಷದವರೆಗೆ ತೆರಿಗೆ ಇರಲಿಲ್ಲ. ಅರ್ಧ ಯೂನಿಟ್‌ಗಳನ್ನು ಮಾರ್ಚ್ ಕೊನೆಯ ವಾರ, ಉಳಿದರ್ಧವನ್ನು ಏಪ್ರಿಲ್ ಮೊದಲ ವಾರ ಮಾರಿದ. ಎರಡು ಹಣಕಾಸು ವರ್ಷಕ್ಕೆ ಗಳಿಕೆ ಹಂಚಿಹೋಗಿ, ತೆರಿಗೆ ಬೀಳಲಿಲ್ಲ. ಐದು ವರ್ಷದಲ್ಲಿ ಅವನು ಮಾಡಿದ್ದು ಮೂರೇ ವ್ಯವಹಾರ. ಅವನು ಕೊಂಡ ಐದು ವರ್ಷ ಚೆನ್ನಾಗಿದ್ದವು ಎಂಬುದನ್ನೂ ಹೇಳಬೇಕು. 2020ರ ಮಾರ್ಚ್‌ನಲ್ಲೇ ಮಗಳ ಫೀಸು ಕಟ್ಟಬೇಕಾಗಿದ್ದರೆ ಸುಮ್ಮನಿದ್ದವನೇ ಎಪ್ಪತ್ತು ಸಾವಿರ ಕಳೆದುಕೊಳ್ಳುತ್ತಿದ್ದ.

ಆ ವಾರವೇ ಎರಡು ಲಕ್ಷವನ್ನು ಅವನಂಥದ್ದೇ ಫಂಡಿಗೆ ಹಾಕಿದೆ. ಐವತ್ತು ಸಾವಿರವನ್ನು ಹಳೆಯ ಚಟಕ್ಕೆ ಉಳಿಸಿಕೊಂಡಿದ್ದೇನೆ. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಒಂದು ನೋಟ್‌ಬುಕ್ ಇದೆ. ಷೇರು ಕೊಳ್ಳುವ ಮೊದಲು ಅದರಲ್ಲಿ ಕೊಂಡು ಮಾರುವ ಖರ್ಚನ್ನು ಬರೆದು, ಆಮೇಲೆ ಮೊಬೈಲ್ ಮುಟ್ಟುತ್ತೇನೆ. ಹೋದ ತಿಂಗಳು ಆರು ಸಲ ಖರ್ಚು ಬರೆದೆ, ಕೊಂಡದ್ದು ಒಮ್ಮೆ.