ಹೆಸರುಕಾಳಿನ ಮೊಳಕೆಯಲ್ಲಿ ಎಂಟ್ರೋಪಿಯ ಜಮಾ-ಖರ್ಚು

ಒಣಗಿದ ಕಾಳಿನಿಂದ ಬೇರು, ಕಾಂಡ, ಎಲೆ ಮೂಡುತ್ತವೆ. ಚದುರಿದ್ದು ಜೋಡಣೆಯಾಗುತ್ತದೆ. ಎಂಟ್ರೋಪಿ, ಅಂದರೆ ಚದುರುವಿಕೆಯ ಅಳತೆ, ಹೆಚ್ಚುತ್ತಲೇ ಹೋಗಬೇಕು ಎನ್ನುವ ಉಷ್ಣಗತಿಶಾಸ್ತ್ರದ ಎರಡನೇ ನಿಯಮ ಇಲ್ಲಿ ಮುರಿಯಿತೇ? ಇಲ್ಲ. ಆ ನಿಯಮ ಕಾಳು ಮತ್ತು ಅದರ ಸುತ್ತಲಿನದನ್ನು ಒಟ್ಟಾಗಿ ಲೆಕ್ಕ ಹಿಡಿಯುತ್ತದೆ. ಆ ಲೆಕ್ಕವನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಅಳೆಯಬೇಕು. ಒಂದು ಥರ್ಮಾಸ್ ಫ್ಲಾಸ್ಕ್, ಥರ್ಮಾಮೀಟರ್, 0.1 ಗ್ರಾಂ ತೋರಿಸುವ ತಕ್ಕಡಿ ಮತ್ತು ಓವನ್ ಇದ್ದರೆ ಮೂರು ದಿನದಲ್ಲಿ ಅಳೆಯಬಹುದು.

ಕಾಳು ಹೆಸರೇ ಆಗಲಿ. ಅದರಲ್ಲಿ ಎಣ್ಣೆ ಬಹಳ ಕಡಿಮೆ, ಆದ್ದರಿಂದ ಉಸಿರಾಟದಲ್ಲಿ ಉರಿಯುವುದು ಬಹುಪಾಲು ಪಿಷ್ಟ. ಶೇಂಗಾ ತೆಗೆದುಕೊಂಡರೆ ಎಣ್ಣೆ ಸಕ್ಕರೆಯಾಗುವಾಗ ಆಮ್ಲಜನಕ ಸೇರಿಕೊಂಡು ತೂಕದ ಲೆಕ್ಕ ಕೆಡುತ್ತದೆ.

100 ಗ್ರಾಂ ಕಾಳನ್ನು ತೀರಾ ತೆಳುವಾದ ಬ್ಲೀಚ್ ನೀರಿನಲ್ಲಿ ಹತ್ತು ನಿಮಿಷ ಆಡಿಸಿ, ಚೆನ್ನಾಗಿ ತೊಳೆದು, ಎಂಟು ಗಂಟೆ ನೆನೆಸುತ್ತೇನೆ. ಬ್ಲೀಚ್ ಬಿಟ್ಟರೆ ಎರಡನೇ ದಿನಕ್ಕೆ ಕಾಳು ಲೋಳೆಯಾಗುತ್ತದೆ, ಅಳೆದ ಬಿಸಿಯಲ್ಲಿ ಬ್ಯಾಕ್ಟೀರಿಯಾದ ಪಾಲೂ ಸೇರಿಬಿಡುತ್ತದೆ. ಇದನ್ನು ಹಿಡಿಯಲು ಇನ್ನೊಂದು ಫ್ಲಾಸ್ಕಿನಲ್ಲಿ ಬೇಯಿಸಿದ ಕಾಳು ಇಡಬೇಕು. ಸತ್ತ ಕಾಳು ಬಿಸಿಯಾಗತೊಡಗಿದರೆ ಅದು ಕೊಳೆಯುವ ಬಿಸಿ, ಆ ಸಲದ ಅಳತೆಯನ್ನು ಬಿಟ್ಟುಬಿಡುವುದೇ ಸರಿ. ನೆನೆಯುವಾಗಲೂ ಕಾಳು ನೀರು ಹೀರುವುದರಿಂದಲೇ ಒಂದಿಷ್ಟು ಬಿಸಿ ಹುಟ್ಟುತ್ತದೆ. ಆದ್ದರಿಂದ ಲೆಕ್ಕ ಶುರುವಾಗುವುದು ನೀರು ಬಸಿದ ಮೇಲೆ.

ಬಸಿದ ಕಾಳನ್ನು ಒಂದು ಲೀಟರ್ ಫ್ಲಾಸ್ಕಿಗೆ ಹಾಕಿ, ಬಾಯಿಗೆ ಹತ್ತಿ ತುರುಕಿ, ಹತ್ತಿಯ ನಡುವೆ ಥರ್ಮಾಮೀಟರ್ ಇಳಿಸಿ, ಫ್ಲಾಸ್ಕನ್ನು ತಲೆಕೆಳಗಾಗಿ ನಿಲ್ಲಿಸಬೇಕು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಕೆಳಗೆ ಇಳಿದು ಹತ್ತಿಯ ಮೂಲಕ ಹೊರಹೋಗುತ್ತದೆ. ಬೆಚ್ಚನೆಯ ಗಾಳಿ ಮೇಲೆಯೇ ಉಳಿಯುತ್ತದೆ. ಬಿರಡೆ ಹಾಕಿ ಮುಚ್ಚುವುದು ದೊಡ್ಡ ತಪ್ಪು. ಒಳಗೆ ಉಳಿದ ಗಾಳಿಯ ಆಮ್ಲಜನಕ ಸುಮಾರು ಎರಡು ಗಂಟೆಗೆ ಮುಗಿದುಹೋಗುತ್ತದೆ, ಆಮೇಲೆ ಕಾಳು ಹುದುಗತೊಡಗಿ ಹುಳಿಹೆಂಡದ ವಾಸನೆ ಬರುತ್ತದೆ.

ಫ್ಲಾಸ್ಕ್ ಎಷ್ಟು ಬಿಸಿಯನ್ನು ಸೋರಿಸುತ್ತದೆ ಎಂಬುದು ಮೊದಲೇ ಗೊತ್ತಿರಬೇಕು. ಕೋಣೆ 27 ಡಿಗ್ರಿ ಇದ್ದಾಗ 37 ಡಿಗ್ರಿಯ 250 ಮಿಲಿ ನೀರನ್ನು ಅದೇ ಹತ್ತಿಯೊಂದಿಗೆ ಇಟ್ಟರೆ ನನ್ನ ಫ್ಲಾಸ್ಕಿನಲ್ಲಿ ಒಂದು ಡಿಗ್ರಿ ಇಳಿಯಲು 40 ನಿಮಿಷ ಬೇಕು. ನೀರು ಮತ್ತು ಒಳಗಾಜು ಸೇರಿ ಡಿಗ್ರಿಗೆ ಸುಮಾರು 1150 ಜೂಲ್ ಹಿಡಿಯುತ್ತವೆ. ಅಂದರೆ ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 0.048 ವಾಟ್ ಸೋರಿಕೆ. ಇದು ಫ್ಲಾಸ್ಕಿನಿಂದ ಫ್ಲಾಸ್ಕಿಗೆ ಬದಲಾಗುತ್ತದೆ, ನಿಮ್ಮದನ್ನು ನೀವೇ ಅಳೆದುಕೊಳ್ಳಿ.

ಇನ್ನು ಅಳತೆ. 72 ಗಂಟೆಯಲ್ಲಿ ಕಾಳು ಕೋಣೆಗಿಂತ ಸರಾಸರಿ 6 ಡಿಗ್ರಿ ಬೆಚ್ಚಗಿತ್ತು. ಸೋರಿದ್ದು 0.29 ವಾಟ್, ಮೂರು ದಿನಕ್ಕೆ 75 ಕಿಲೋಜೂಲ್. ಇದರ ಜೊತೆ 4 ಗ್ರಾಂ ನೀರು ಆವಿಯಾಗಿತ್ತು. ಗ್ರಾಂಗೆ 2.4 ಕಿಲೋಜೂಲಿನಂತೆ ಅದು ಇನ್ನೂ 10 ಕಿಲೋಜೂಲ್ ಒಯ್ದಿರುತ್ತದೆ. ಒಟ್ಟು 85. ಆವಿಯನ್ನು ಮರೆತವರಿಗೆ ಲೆಕ್ಕ ಯಾವಾಗಲೂ ಕಡಿಮೆ ಬರುತ್ತದೆ.

ಇದನ್ನು ತೂಕದಿಂದ ತಾಳೆ ನೋಡಬೇಕು. ಮೊದಲೇ ಬೇರೆ ಕಾಳನ್ನು 105 ಡಿಗ್ರಿ ಓವನ್ನಿನಲ್ಲಿ ಒಂದು ದಿನ ಒಣಗಿಸಿ ನೋಡಿದಾಗ 100 ಗ್ರಾಮಿನಲ್ಲಿ ಒಣತೂಕ 90 ಗ್ರಾಂ. ಮೊಳಕೆಯನ್ನು ಹಾಗೆಯೇ ಒಣಗಿಸಿದರೆ 82.5. ನೆನೆಸಿದ ಮತ್ತು ತೊಳೆದ ನೀರನ್ನು ಬತ್ತಿಸಿದಾಗ ಸಿಕ್ಕ 2 ಗ್ರಾಂ ಕಳೆದರೆ, ಉಸಿರಾಟದಲ್ಲಿ ಉರಿದದ್ದು 5.5 ಗ್ರಾಂ. ಕಣ್ಣಿಗೆ ಮೊಳಕೆ ಎರಡೂವರೆಪಟ್ಟು ಬೆಳೆದಂತೆ ಕಂಡರೂ ಹೆಚ್ಚಿದ್ದು ನೀರು ಮಾತ್ರ, ಕಾಳಿನ ಗಟ್ಟಿಪದಾರ್ಥ ಕರಗಿದೆ. ಪಿಷ್ಟಕ್ಕೆ ಗ್ರಾಂಗೆ 17.4 ಕಿಲೋಜೂಲಿನಂತೆ 96 ಕಿಲೋಜೂಲ್. ಫ್ಲಾಸ್ಕ್ ತೋರಿಸಿದ್ದು 85. ತೊಳೆಯಲು ದಿನಕ್ಕೆರಡು ಸಲ ಬಿಚ್ಚಿದಾಗ ಹೋದ ಬಿಸಿ ಇದರಲ್ಲಿಲ್ಲ, ಹಾಗಾಗಿ ಈ ಕೊರತೆ ಸಹಜ.

ಬಿಸಿಯನ್ನು ಕೋಣೆಯ ಉಷ್ಣತೆಯಿಂದ, ಅಂದರೆ 300 ಕೆಲ್ವಿನ್‌ನಿಂದ ಭಾಗಿಸಿದರೆ ಹೊರಗೆ ಹೋದ ಎಂಟ್ರೋಪಿ ಸಿಗುತ್ತದೆ: ಕೆಲ್ವಿನ್‌ಗೆ ಸುಮಾರು 300 ಜೂಲ್.

ಈಗ ಇನ್ನೊಂದು ಬದಿ. ಕಾಳು ಎಷ್ಟು ಕ್ರಮವನ್ನು ಕಟ್ಟಿತು? ಬಿಡಿ ಅಮೈನೋ ಆಮ್ಲಗಳನ್ನು ಗೊತ್ತಾದ ಸರದಿಯಲ್ಲಿ ಪೋಣಿಸುವುದು ಜೀವಕೋಶ ಮಾಡುವ ಅತಿ ಅಚ್ಚುಕಟ್ಟಾದ ಕೆಲಸ. 20 ಬಗೆಗಳಲ್ಲಿ ಒಂದನ್ನೇ ಆರಿಸಿದಾಗ ಕಳೆದುಹೋಗುವ ಎಂಟ್ರೋಪಿ ಮೋಲಿಗೆ R ln 20, ಇಲ್ಲಿ R ಅನಿಲ ಸ್ಥಿರಾಂಕ, ಅಂದರೆ ಕೆಲ್ವಿನ್‌ಗೆ 25 ಜೂಲ್. ಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಸರದಿಯಲ್ಲಿ ಕೂತ ಒಂದೊಂದು ಅಮೈನೋ ಆಮ್ಲದ ಸರಾಸರಿ ತೂಕ ಮೋಲಿಗೆ 110 ಗ್ರಾಂ. ಅಷ್ಟೂ ಪ್ರೋಟೀನನ್ನು ಒಡೆದು ಹೊಸದಾಗಿ ಕಟ್ಟಿತೆಂದು ಇಟ್ಟುಕೊಂಡರೂ 0.2 ಮೋಲ್, 5 ಜೂಲ್. ಸರಪಳಿ ಮಡಚಿಕೊಳ್ಳುವುದಕ್ಕೆ ಇನ್ನೊಂದು ಅಷ್ಟೇ ಸೇರಿಸಿ, 10 ಆಗಲಿ. ಹೊರಗೆ ಹೋದದ್ದು 300, ಒಳಗೆ ಕಡಿಮೆಯಾದದ್ದು ಹೆಚ್ಚೆಂದರೆ 10. ನಿಯಮ ಮುರಿಯುವ ಮಾತು ದೂರವೇ ಉಳಿಯಿತು.

ಆದರೆ ಪ್ರಶ್ನೆ ಇಲ್ಲಿಗೆ ಮುಗಿಯುವುದಿಲ್ಲ. ಎಲ್ಲೋ ಬಿಸಿ ಹುಟ್ಟಿತು ಎಂದ ಮಾತ್ರಕ್ಕೆ ಇನ್ನೆಲ್ಲೋ ಪ್ರೋಟೀನ್ ತಾನೇ ಜೋಡಣೆಯಾಗುವುದಿಲ್ಲ. ಒಲೆ ಹಚ್ಚಿಟ್ಟರೆ ಗೋಡೆ ಏಳುವುದಿಲ್ಲವಲ್ಲ! ಎರಡನ್ನೂ ಒಂದೇ ಕೊಂಡಿಗೆ ಕಟ್ಟಿರಬೇಕು. ಕೋಶದಲ್ಲಿ ಆ ಕೊಂಡಿ ಎಟಿಪಿ ಎಂಬ ಶಕ್ತಿ ಸಾಗಿಸುವ ಅಣು. ಒಂದು ಅಮೈನೋ ಆಮ್ಲ ಮೊದಲು ತನ್ನನ್ನು ಹೊತ್ತೊಯ್ಯುವ ಅಣುವಾದ ಟಿಆರ್‌ಎನ್‌ಎಗೆ ಅಂಟಿಕೊಳ್ಳಬೇಕು. ಆಗ ಒಂದು ಎಟಿಪಿಯಿಂದ ಎರಡು ಫಾಸ್ಫೇಟ್ ಜೋಡಿಯಾಗಿ ಕಳಚುತ್ತವೆ, ಆ ಜೋಡಿಯನ್ನು ಇನ್ನೊಂದು ಕಿಣ್ವ ಕೂಡಲೇ ಒಡೆದುಬಿಡುತ್ತದೆ. ಒಡೆದ ಮೇಲೆ ಹಿಂದಿರುಗುವ ದಾರಿ ಬಹುಮಟ್ಟಿಗೆ ಮುಚ್ಚಿದಂತೆ. ಪ್ರೋಟೀನ್ ಪೋಣಿಸುವ ರೈಬೋಸೋಮಿನಲ್ಲಿ ಮತ್ತೆ ಎಟಿಪಿಯಂಥದೇ ಎರಡು ಜಿಟಿಪಿ ಖರ್ಚು. ಒಟ್ಟು ನಾಲ್ಕು ಫಾಸ್ಫೇಟ್ ಬಂಧ, ಒಂದೊಂದಕ್ಕೆ ಸುಮಾರು 50 ಕಿಲೋಜೂಲ್, ಮೋಲಿಗೆ 200. ಬಂಧಕ್ಕೂ ಸರದಿಗೂ ಸೇರಿ ನಿಜವಾಗಿ ಬೇಕಾದದ್ದು ಇದರ ಒಂದು ಸಣ್ಣ ಪಾಲು ಮಾತ್ರ. ಉಳಿದದ್ದನ್ನು ದುಂದು ಎನ್ನಲು ನನಗೆ ಮನಸ್ಸಿಲ್ಲ. ಕೆಲಸ ಮುಂದಕ್ಕೇ ಸಾಗಲಿ, ತಪ್ಪು ಸಾವಿರಾರಕ್ಕೆ ಒಂದರಂತೆ ಇರಲಿ ಎಂದು ತೆತ್ತ ಬೆಲೆ ಅದು. ಫ್ಲಾಸ್ಕಿನ ಆ 6 ಡಿಗ್ರಿಯಲ್ಲಿ ಈ ಬೆಲೆಯೂ ಸೇರಿದೆ.

ಹೊರಹೋಗುವ ದಾರಿ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಅದೇ ಫ್ಲಾಸ್ಕಿಗೆ ಕಾಳನ್ನು ಕಿಕ್ಕಿರಿದು ತುಂಬಿ ನೋಡಬಹುದು. ಬಿಸಿ ಹಲವುಪಟ್ಟು, ಸೋರಿಕೆಯ ಮೈ ಅಷ್ಟೇ. ಒಳಗೆ 45 ಡಿಗ್ರಿಯತ್ತ ಏರಿದಂತೆ ಬೇರಿನ ತುದಿ ಕಂದಾಗಿ ಮೊಳಕೆ ನಿಲ್ಲುತ್ತದೆ. ಬಾರ್ಲಿ ಮಾಲ್ಟ್ ಮಾಡುವವರು ನೆಲದ ಮೇಲೆ ತೆಳ್ಳಗೆ ಹರಡಿದ ಕಾಳನ್ನು ಮತ್ತೆ ಮತ್ತೆ ಮಗುಚುವುದು ಇದಕ್ಕೇ.

ಎಲ್ಲ ಜೀವಿಗಳೂ ಬಿಸಿಯ ಮೂಲಕವೇ ಎಂಟ್ರೋಪಿ ಕಳಿಸುತ್ತವೆ ಎಂದುಕೊಂಡರೆ ತಪ್ಪಾಗುತ್ತದೆ. ಉಸಿರಾಟದಲ್ಲಿ ಬಿಸಿಯ ಪಾಲು ನೂರಕ್ಕೆ 97ರಷ್ಟು. ಕಳ್ಳಿನ ಮಡಕೆಯಲ್ಲಿ ಹಾಗಲ್ಲ. ಗಾಳಿಯಿಲ್ಲದೆ ಯೀಸ್ಟ್ 180 ಗ್ರಾಂ ಗ್ಲೂಕೋಸನ್ನು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡಿದಾಗ ಹುಟ್ಟುವ ಬಿಸಿ ಕೇವಲ 69 ಕಿಲೋಜೂಲ್, ಅಂದರೆ ಕೆಲ್ವಿನ್‌ಗೆ 230 ಜೂಲ್ ಎಂಟ್ರೋಪಿ. ಒಂದು ಅಣು ನಾಲ್ಕಾಗಿ ಒಡೆದು, ಎರಡು ಅನಿಲವಾಗಿ ಹಾರುವುದರಿಂದ ಹೆಚ್ಚುವ ಎಂಟ್ರೋಪಿ 540ರಷ್ಟು. ಅಲ್ಲಿ ಮುಖ್ಯ ರವಾನೆ ಕಸದ್ದೇ. ಅದನ್ನು ಅಳೆಯಲು ಥರ್ಮಾಮೀಟರನ್ನು ನೆಚ್ಚಬೇಡಿ. ಮಡಕೆಯನ್ನು ತಕ್ಕಡಿಯ ಮೇಲಿಟ್ಟು ಇಳಿಯುವ ತೂಕ ಬರೆದುಕೊಳ್ಳಿ: ಪ್ರತಿ 180 ಗ್ರಾಂ ಗ್ಲೂಕೋಸಿಗೆ 88 ಗ್ರಾಂ.