ಡಿಎಲ್‌ಗೆ ಮೆಡಿಕಲ್ ಸರ್ಟಿಫಿಕೇಟ್: ಸಹಿ ಅರ್ಧ ಫೋಟೊ ಮೇಲಿರಲಿ

ಲೆಟರ್‌ಹೆಡ್ ಮೇಲೆ ‘ಇವರು ಆರೋಗ್ಯವಾಗಿದ್ದಾರೆ’ ಎಂದು ಎರಡು ಸಾಲು ಬರೆಸಿಕೊಂಡು ಆರ್‌ಟಿಒಗೆ ಹೋದರೆ ಕೆಲಸ ಆಗುವುದಿಲ್ಲ. ಅಲ್ಲಿ ಕೇಳುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿರುವ ನಮೂನೆ 1-ಎ. ಸ್ವಂತ ಬೈಕು, ಕಾರು ಓಡಿಸುವವರಿಗೆ 40 ದಾಟಿರದಿದ್ದರೆ ಇದು ಬೇಡ. ನಮೂನೆ 1ರಲ್ಲಿ ತಾವೇ ಘೋಷಿಸಿದರೆ ಸಾಕು. ಆಟೊ, ಟ್ಯಾಕ್ಸಿ, ಲಾರಿಗಾದರೆ ಯಾವ ವಯಸ್ಸಿನವರಿಗೂ 1-ಎ ಬೇಕು.

ಕನ್ನಡಕ ಹಾಕುವ, 46 ವರ್ಷದ ಕಾರು ಮಾಲೀಕರೊಬ್ಬರು ಡಿಎಲ್ ನವೀಕರಿಸಬೇಕು ಎಂದಿಟ್ಟುಕೊಳ್ಳಿ. ನಮೂನೆಯ ಪ್ರಿಂಟ್, ಹೊಸ ಫೋಟೊ, ಹಳೆಯ ಡಿಎಲ್, ಮುಖ್ಯವಾಗಿ ಕನ್ನಡಕ ಹಿಡಿದುಕೊಂಡು ಬೆಳಿಗ್ಗೆಯೇ ಹೊರಡಲಿ. ವೈದ್ಯರು ಈ ಪ್ರಮಾಣಪತ್ರ ಕೊಡಲು ಸರ್ಕಾರದಿಂದ ನೇಮಕಗೊಂಡ ನೋಂದಾಯಿತ ವೈದ್ಯರೇ ಎಂದು ಮೊದಲು ಕೇಳಿಕೊಳ್ಳಲಿ. ಏಜೆಂಟರು ಮೊದಲೇ ಸಹಿ ಹಾಕಿಸಿಟ್ಟುಕೊಂಡ ಖಾಲಿ ನಮೂನೆಗಳನ್ನು ಮಾರುವುದುಂಟು. ಅದನ್ನು ಮುಟ್ಟಲೇಬೇಡಿ. ಪರೀಕ್ಷೆ ಮಾಡದೆ ಸಹಿ ಹಾಕುವುದು ವೈದ್ಯರ ನೋಂದಣಿಗೇ ಕುತ್ತು ತರುವ ತಪ್ಪು, ಆ ಕಾಗದ ನಿಮ್ಮ ಕೈಯಲ್ಲಿರುತ್ತದೆ.

ಹೆಚ್ಚಿನವರು ಎಡವುವುದು ಕಣ್ಣಿನ ಪರೀಕ್ಷೆಯಲ್ಲಿ. ಹಗಲು ಬೆಳಕಿನಲ್ಲಿ 25 ಮೀಟರ್, ಅಂದರೆ ಸುಮಾರು 80 ಅಡಿ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಲು ಬರಬೇಕು. ಸಾಮಾನ್ಯ ಕ್ಲಿನಿಕ್‌ನ ಒಳಗೆ ಅಷ್ಟು ಉದ್ದದ ಜಾಗವೇ ಇರುವುದಿಲ್ಲ, ಸಂಜೆ ಹೋದರೆ ಬೆಳಕೂ ಇರುವುದಿಲ್ಲ. ಕನ್ನಡಕ ಹಾಕುವವರು ಹಾಕಿಕೊಂಡೇ ಓದಬಹುದು, ನಮೂನೆಯಲ್ಲೇ ಅದಕ್ಕೆ ಅವಕಾಶವಿದೆ. ಕನ್ನಡಕ ಮನೆಯಲ್ಲೇ ಬಿಟ್ಟು ಬಂದವರು ಇಲ್ಲೇ ಸಿಕ್ಕಿಬೀಳುತ್ತಾರೆ. ಇರುಳುಗುರುಡು, ಕಿವಿ, ಬಣ್ಣಗುರುಡಿನ ಪ್ರಶ್ನೆಗಳೂ ಇವೆ. ಬಣ್ಣ ಸ್ವಲ್ಪ ಗೊಂದಲವಾಗುತ್ತದೆ ಎಂದ ಮಾತ್ರಕ್ಕೆ ಹೆದರಬೇಕಿಲ್ಲ. 2020ರ ತಿದ್ದುಪಡಿಯಾದ ಮೇಲೆ ಅಡ್ಡಿಯಾಗುವುದು ತೀವ್ರ ಬಣ್ಣಗುರುಡು ಮಾತ್ರ.

ಇನ್ನು ಸಹಿ. ಫೋಟೊವನ್ನು ವೈದ್ಯರ ಎದುರೇ ಅಂಟಿಸಿ. ಅವರ ಸಹಿ ಸ್ವಲ್ಪ ಫೋಟೊ ಮೇಲೆ, ಸ್ವಲ್ಪ ಕಾಗದದ ಮೇಲೆ ಬೀಳಬೇಕು ಎಂದು ನಮೂನೆಯಲ್ಲೇ ಬರೆದಿದೆ. ಸಹಿ ಹಾಕಿಸಿಕೊಂಡು ಬಂದು ಮನೆಯಲ್ಲಿ ಫೋಟೊ ಅಂಟಿಸಿದರೆ, ಪರೀಕ್ಷೆಗೆ ಹೋದವರೂ ಫೋಟೊದಲ್ಲಿರುವವರೂ ಒಬ್ಬರೇ ಎಂಬುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಸ್ಟೇಪ್ಲರ್ ಬೇಡ, ಗೋಂದು ಒಳ್ಳೆಯದು. ಪಿನ್ನು ಕಿತ್ತು ಫೋಟೊ ಬದಲಿಸುವುದು ಸುಲಭ. ವೈದ್ಯರ ಹೆಸರು, ಸೀಲು, ನೋಂದಣಿ ಸಂಖ್ಯೆ ಸ್ಪಷ್ಟವಾಗಿ ಕಾಣುತ್ತವೆಯೇ ನೋಡಿ. ಸೀಲಿನ ಶಾಯಿ ಹರಡಿದ್ದರೆ ಸಂಖ್ಯೆಯನ್ನು ಪಕ್ಕದಲ್ಲೇ ಪೆನ್ನಿನಲ್ಲಿ ಬರೆಸಿಕೊಳ್ಳಿ. ಮಚ್ಚೆಯೋ ಗಾಯದ ಕಲೆಯೋ, ಗುರುತಿನ ಚಿಹ್ನೆಯ ಜಾಗ ಖಾಲಿ ಬಿಡಬೇಡಿ. ನಿಮ್ಮ ಸಹಿಯೂ ವೈದ್ಯರ ಎದುರೇ ಆಗಲಿ.

ಇದೇ ಹಾಳೆಯ ಜೆರಾಕ್ಸ್ ಕೆಲಸಕ್ಕೂ ಆಗುತ್ತದೆ ಎಂದುಕೊಳ್ಳಬೇಡಿ. ಸರ್ಕಾರಿ ನೌಕರಿಗೆ ನೇಮಕಾತಿ ಪತ್ರದಲ್ಲಿ ಸೂಚಿಸಿದ ವೈದ್ಯಾಧಿಕಾರಿಯದೇ ಬೇಕು. ಕ್ರೀಡಾಕೂಟಕ್ಕೆ ಆಯೋಜಕರ ನಮೂನೆ ಮೊದಲು ಕೇಳಿ ಪಡೆದು, ಆಮೇಲೆ ಡಾಕ್ಟರ ಹತ್ತಿರ ಹೋಗಿ.