ತೂತು ಬಿದ್ದ ತೊಟ್ಟಿ ತುಂಬುವುದು ಯಾವಾಗ?

ಒಂದು ನಲ್ಲಿ ತೊಟ್ಟಿಯನ್ನು 8 ಗಂಟೆಯಲ್ಲಿ ತುಂಬಿಸುತ್ತಿತ್ತು. ತಳದಲ್ಲಿ ತೂತು ಬಿದ್ದ ಮೇಲೆ ಅದೇ ತೊಟ್ಟಿ ತುಂಬಲು 10 ಗಂಟೆ ಹಿಡಿಯುತ್ತಿದೆ. ತುಂಬಿದ ಮೇಲೆ ನಲ್ಲಿ ನಿಲ್ಲಿಸಿದರೆ ತೂತಿನಿಂದಲೇ ತೊಟ್ಟಿ ಬರಿದಾಗಲು ಎಷ್ಟು ಹೊತ್ತು ಬೇಕು? ಈ ಲೆಕ್ಕ ಕೊಟ್ಟಾಗಲೆಲ್ಲ ತರಗತಿಯಲ್ಲಿ ಮೊದಲು ಕೇಳಿಬರುವ ಉತ್ತರ ‘2 ಗಂಟೆ’. ಹತ್ತರಲ್ಲಿ ಎಂಟು ಕಳೆದರೆ ಎರಡು ತಾನೇ!

ಸರಿಯುತ್ತರ 40 ಗಂಟೆ. ಇಡೀ ತೊಟ್ಟಿಯನ್ನು ಎರಡೇ ಗಂಟೆಯಲ್ಲಿ ಖಾಲಿ ಮಾಡುವಂಥ ತೂತಿದ್ದರೆ, ತುಂಬಿಸಲು 8 ಗಂಟೆ ತೆಗೆದುಕೊಳ್ಳುವ ನಲ್ಲಿ ಅದರ ಮುಂದೆ ಯಾವ ಮೂಲೆಗೆ? ತೊಟ್ಟಿ ತುಂಬುವ ಮಾತೇ ಇರುತ್ತಿರಲಿಲ್ಲ. ನಿಧಾನವಾಗಿ ಸೋರುವ ತೂತಿಗೆ ಬರಿದು ಮಾಡಲು ಹೆಚ್ಚು ಗಂಟೆ ಬೇಕು. ಅದಕ್ಕೇ ಇಲ್ಲಿ ಗಂಟೆಯಿಂದ ಗಂಟೆ ಕಳೆಯುವಂತಿಲ್ಲ. ಕೂಡುವುದು, ಕಳೆಯುವುದು ಏನಿದ್ದರೂ ಒಂದು ಗಂಟೆಗೆ ಎಷ್ಟು ನೀರು ಎಂಬುದರಲ್ಲಿ.

ಭಿನ್ನರಾಶಿಗಳಲ್ಲಿ ಸಿಕ್ಕಿಕೊಳ್ಳದೆ ಇದನ್ನು ಮಾಡುವ ದಾರಿ ಹೀಗಿದೆ. 8 ಮತ್ತು 10ರ ಲ.ಸಾ.ಅ. 40. ಹಾಗಾಗಿ ತೊಟ್ಟಿ 40 ಕೊಡ ನೀರು ಹಿಡಿಯುತ್ತದೆ ಎಂದುಕೊಳ್ಳಿ. ತೂತಿಲ್ಲದಾಗ ಗಂಟೆಗೆ 5 ಕೊಡ ತುಂಬುತ್ತಿತ್ತು, ಈಗ 4 ಕೊಡ. ಹೋಗುತ್ತಿರುವುದು ಗಂಟೆಗೆ ಒಂದೇ ಕೊಡ, ಆದ್ದರಿಂದ 40 ಗಂಟೆ. ತೊಟ್ಟಿಯ ಗಾತ್ರ ನಾವೇ ಊಹಿಸಿಕೊಂಡಿದ್ದು; 80 ಕೊಡ ಎಂದುಕೊಂಡಿದ್ದರೂ ಉತ್ತರ ಇಷ್ಟೇ ಬರುತ್ತಿತ್ತು.

ಇನ್ನು, ಸೋರಿಕೆ ನಡುವೆ ನಿಂತರೆ? ಎರಡು ನಲ್ಲಿಗಳಿವೆ. ಮೊದಲನೆಯದು 12 ಗಂಟೆಯಲ್ಲಿ, ಎರಡನೆಯದು 15 ಗಂಟೆಯಲ್ಲಿ ತೊಟ್ಟಿ ತುಂಬಿಸುತ್ತದೆ. ತಳದ ತೂತು ತುಂಬಿದ ತೊಟ್ಟಿಯನ್ನು 20 ಗಂಟೆಯಲ್ಲಿ ಬರಿದು ಮಾಡುತ್ತದೆ. ಎರಡೂ ನಲ್ಲಿ ತಿರುಗಿಸಿ 4 ಗಂಟೆಯಾದ ಮೇಲೆ ಯಾರೋ ತೂತು ನೋಡಿ ಮುಚ್ಚಿದರು. ತೊಟ್ಟಿ ತುಂಬಲು ಒಟ್ಟು ಎಷ್ಟು ಹೊತ್ತು?

ಲ.ಸಾ.ಅ. 60, ಅಂದರೆ 60 ಕೊಡದ ತೊಟ್ಟಿ. ಮೊದಲ ನಲ್ಲಿ ಗಂಟೆಗೆ 5 ಕೊಡ, ಎರಡನೆಯದು 4 ಕೊಡ ತರುತ್ತದೆ. ತೂತು 3 ಕೊಡ ಕಳೆಯುತ್ತದೆ. ಮೊದಲ 4 ಗಂಟೆ ಗಂಟೆಗೆ ಉಳಿದದ್ದು 6 ಕೊಡ, ಒಟ್ಟು 24. ಬಾಕಿ 36 ಕೊಡ. ತೂತು ಮುಚ್ಚಿದ ಮೇಲೆ ಗಂಟೆಗೆ 9 ಕೊಡದಂತೆ ಅದಕ್ಕೆ 4 ಗಂಟೆ. ಒಟ್ಟು 8 ಗಂಟೆ.

ಇದನ್ನೇ ಕಾಲವನ್ನು ತುಂಡು ಮಾಡದೆಯೂ ಮಾಡಬಹುದು. ನನಗೆ ಈ ದಾರಿಯೇ ಹೆಚ್ಚು ಇಷ್ಟ. ಪ್ರತಿಯೊಬ್ಬರ ಖಾತೆ ಬೇರೆ ಬೇರೆ ಬರೆಯುವುದು: ನಲ್ಲಿಗಳು ಕೊನೆತನಕ ಓಡಿದವು, ತೂತು 4 ಗಂಟೆ ಮಾತ್ರ ಸೋರಿ 12 ಕೊಡ ಕಳೆಯಿತು. ಹಾಗಾದರೆ ನಲ್ಲಿಗಳು 60ರ ಬದಲು 72 ಕೊಡ ತರಬೇಕಾಯಿತು. 72ನ್ನು 9ರಿಂದ ಭಾಗಿಸಿದರೆ 8. ಮೂರು ನಾಲ್ಕು ನಲ್ಲಿಗಳು ಬೇರೆ ಬೇರೆ ಹೊತ್ತಿಗೆ ತೆರೆದು ಮುಚ್ಚುವ ಲೆಕ್ಕ ಬಂದಾಗ ಈ ಖಾತೆಯ ದಾರಿಯೇ ಕೈಹಿಡಿಯುತ್ತದೆ.

ಉತ್ತರ ಸರಿಯೇ ಎಂದು ನೋಡಲು ಎರಡು ಗಡಿ ಹಾಕಿಕೊಳ್ಳಿ. ತೂತೇ ಇಲ್ಲದಿದ್ದರೆ 6 ಗಂಟೆ 40 ನಿಮಿಷ. ಕೊನೆತನಕ ಸೋರುತ್ತಿದ್ದರೆ 10 ಗಂಟೆ. ಉತ್ತರ ಇವೆರಡರ ನಡುವೆ ಬೀಳದಿದ್ದರೆ ಎಲ್ಲೋ ಕೂಡುವಲ್ಲಿ ಕಳೆದಿದ್ದೀರಿ, ಇಲ್ಲವೇ ಕಳೆಯುವಲ್ಲಿ ಕೂಡಿದ್ದೀರಿ.

ಕೆಲಸದ ಲೆಕ್ಕದಲ್ಲಿ ನಡುವೆ ಬಂದು ಸೇರುವ ಸಹಾಯಕನೂ ಹೀಗೆಯೇ, ಗುರುತು ಮಾತ್ರ ಕೂಡುವುದು. ಒಬ್ಬ 20 ದಿನದಲ್ಲಿ ಮುಗಿಸುವ ಕೆಲಸವನ್ನು ಇನ್ನೊಬ್ಬ 30 ದಿನದಲ್ಲಿ ಮುಗಿಸುತ್ತಾನೆ. ಮೊದಲನೆಯವನು ಒಬ್ಬನೇ ಶುರು ಮಾಡಿದ, 5 ದಿನದ ಮೇಲೆ ಎರಡನೆಯವನು ಸೇರಿದ. ಕೆಲಸ 60 ಪಾಲು ಎಂದುಕೊಂಡರೆ ದಿನಕ್ಕೆ ಒಬ್ಬನದು 3 ಪಾಲು, ಇನ್ನೊಬ್ಬನದು 2. ಒಬ್ಬನೇ ಮಾಡಿದ್ದು 15, ಬಾಕಿ 45, ಇಬ್ಬರೂ ಸೇರಿ ದಿನಕ್ಕೆ 5, ಆದ್ದರಿಂದ 9 ದಿನ. ‘ಸಹಾಯಕ ಬಂದ ಮೇಲೆ ಎಷ್ಟು ದಿನ’ ಎಂದು ಕೇಳಿದ್ದರೆ 9, ‘ಒಟ್ಟು ಎಷ್ಟು ದಿನ’ ಎಂದಿದ್ದರೆ 14. ಲೆಕ್ಕವೆಲ್ಲ ಸರಿ ಮಾಡಿ ಈ ಕೊನೆಯ ಸಾಲಿನಲ್ಲಿ ಅಂಕ ಕಳೆದುಕೊಳ್ಳುವವರೇ ಹೆಚ್ಚು.

ಈಗ ಪ್ರಶ್ನೆ ತಿರುಗಿಸಿ: ಇಬ್ಬರೂ ಒಟ್ಟಿಗೆ ಶುರು ಮಾಡಿದರು, ಕೆಲಸ ಮುಗಿಯಲು 5 ದಿನ ಇರುವಾಗ ಸಹಾಯಕ ಬಿಟ್ಟುಹೋದ. ಕೊನೆಯ 5 ದಿನ ಮೊದಲನೆಯವನು ಒಬ್ಬನೇ ಮಾಡಿದ್ದು 15 ಪಾಲು, ಅದಕ್ಕೂ ಮೊದಲು ಇಬ್ಬರೂ ಸೇರಿ ಮಾಡಿದ್ದು 45. ಮತ್ತೆ 14 ದಿನವೇ! ಸಹಾಯಕ 5 ದಿನ ತಡವಾಗಿ ಬರಲಿ, 5 ದಿನ ಮೊದಲೇ ಹೋಗಲಿ, ಅವನ ಖಾತೆಯಲ್ಲಿ ಇಲ್ಲದ ದಿನ ಐದೇ. ಯಾವ ಐದು ಎಂಬುದನ್ನು ಲೆಕ್ಕ ಕೇಳುವುದೇ ಇಲ್ಲ. ಆದರೆ ‘ಶುರುವಾಗಿ 5 ದಿನಕ್ಕೆ ಬಿಟ್ಟುಹೋದ’ ಎಂದಿದ್ದರೆ ಅದು ಬೇರೆ ಪ್ರಶ್ನೆ. ಆಗ ಇಬ್ಬರದು 25 ಪಾಲು, ಉಳಿದ 35 ಪಾಲು ಒಬ್ಬನ ತಲೆಯ ಮೇಲೆ.

ತೊಟ್ಟಿಯಲ್ಲಿ ಮಾತ್ರ ಇಷ್ಟು ಸಲೀಸಲ್ಲದ ಒಂದು ಸಂಗತಿ ಇದೆ: ತೂತು ತಳದಲ್ಲಿರದೆ ಗೋಡೆಯಲ್ಲಿರಬಹುದು. ನೀರು ಅಲ್ಲಿಯವರೆಗೆ ಏರುವ ತನಕ ಸೋರಿಕೆಯೇ ಇಲ್ಲ. ಅದೇ 60 ಕೊಡದ ತೊಟ್ಟಿ, ಅವೇ ನಲ್ಲಿಗಳು, ಸರಿಯಾಗಿ ಅರ್ಧ ಎತ್ತರದಲ್ಲಿ ಗಂಟೆಗೆ 3 ಕೊಡ ಬಿಡುವ ತೂತು. ಗೋಡೆಗಳು ನೇರವಾಗಿದ್ದರೆ ಅರ್ಧ ಎತ್ತರಕ್ಕೆ 30 ಕೊಡ. ಮೊದಲ 30 ಕೊಡ ಗಂಟೆಗೆ 9ರಂತೆ 3 ಗಂಟೆ 20 ನಿಮಿಷದಲ್ಲಿ, ಉಳಿದ 30 ಕೊಡ ಗಂಟೆಗೆ 6ರಂತೆ 5 ಗಂಟೆಯಲ್ಲಿ. ಒಟ್ಟು 8 ಗಂಟೆ 20 ನಿಮಿಷ. ಇಲ್ಲಿ ‘ತೂತು ತೊಟ್ಟಿಯನ್ನು 20 ಗಂಟೆಯಲ್ಲಿ ಬರಿದು ಮಾಡುತ್ತದೆ’ ಎಂದರೆ ಅರ್ಥವಿಲ್ಲ. ಅದು ಮೇಲಿನ ಅರ್ಧವನ್ನು 10 ಗಂಟೆಯಲ್ಲಿ ಇಳಿಸಿ ಸುಮ್ಮನಾಗುತ್ತದೆ.

ಇಷ್ಟು ಹೊತ್ತೂ ತೂತು ಒಂದೇ ವೇಗದಲ್ಲಿ ಸೋರುತ್ತದೆ ಎಂದು ನಂಬಿಕೊಂಡೆವು. ಪರೀಕ್ಷೆಯ ಹಾಳೆಯಲ್ಲಿ ಅದು ಸರಿ. ನಿಜವಾದ ತೂತಿನಿಂದ ನೀರು ಚಿಮ್ಮುವ ವೇಗ ತೂತಿನ ಮೇಲೆ ನಿಂತ ನೀರಿನ ಎತ್ತರದ ವರ್ಗಮೂಲದಂತೆ ಹೆಚ್ಚು ಕಡಿಮೆಯಾಗುತ್ತದೆ. ಇಟಲಿಯ ಟೊರಿಚೆಲ್ಲಿ 1644ರಲ್ಲಿ ಪ್ರಕಟಿಸಿದ ನಿಯಮ ಇದು. ತೊಟ್ಟಿ ತುಂಬಿದ್ದಾಗ ತಳದ ತೂತು ಗಂಟೆಗೆ 4 ಕೊಡ ಬಿಡುತ್ತದೆ, ನಲ್ಲಿ ಗಂಟೆಗೆ 3 ಕೊಡ ತರುತ್ತದೆ ಎನ್ನಿ. ಪಠ್ಯದ ಲೆಕ್ಕದ ಪ್ರಕಾರ ಖಾಲಿ ತೊಟ್ಟಿಯಲ್ಲಿ ಒಂದು ಹನಿಯೂ ನಿಲ್ಲಬಾರದು. ನಿಜದಲ್ಲಿ ನೀರು ಕಡಿಮೆಯಿರುವಾಗ ಸೋರಿಕೆಯೂ ಕಡಿಮೆ, ಹಾಗಾಗಿ ಮಟ್ಟ ಏರುತ್ತದೆ. ಸೋರಿಕೆ ಗಂಟೆಗೆ 3 ಕೊಡ ಮುಟ್ಟುವುದು, ಎತ್ತರದ ವರ್ಗಮೂಲ ಮುಕ್ಕಾಲಾದಾಗ, ಅಂದರೆ ತೊಟ್ಟಿಯ 16ರಲ್ಲಿ 9 ಭಾಗ ತುಂಬಿದಾಗ. ನೀರು ಅರ್ಧಕ್ಕಿಂತ ತುಸು ಮೇಲಿನ ಆ ಗೆರೆಯ ಹತ್ತಿರಕ್ಕೆ ಬಂದು ನಿಂತುಬಿಡುತ್ತದೆ. ನಲ್ಲಿ ಎಷ್ಟು ದಿನ ಸುರಿದರೂ ಅಲ್ಲಿಂದ ಮೇಲೆ ಏರುವುದಿಲ್ಲ.